ಹಳೆಯ ಚಿತ್ರದ ‘ಹೊಸ’ ಪ್ರತಿ: ನೋಡುವ ಮುನ್ನ ಪರೀಕ್ಷಿಸುವುದು ಹೇಗೆ?

ಹಳೆಯ ಚಲನಚಿತ್ರವೊಂದನ್ನು ಅಂತರಜಾಲದಲ್ಲಿ ಹುಡುಕಿದರೆ ಇಂದು ಒಂದೇ ಚಿತ್ರದ ನಾಲ್ಕೈದು ಪ್ರತಿಗಳು ಎದುರಾಗುತ್ತವೆ. ಒಂದರ ಮೇಲೆ ‘ರೀಮಾಸ್ಟರ್ಡ್’ ಎಂದಿದ್ದರೆ, ಇನ್ನೊಂದರ ಮೇಲೆ ‘4ಕೆ’, ಮತ್ತೊಂದರ ಮೇಲೆ ‘ಫುಲ್ ಎಚ್‌ಡಿ’ ಎಂಬ ಹಣೆಪಟ್ಟಿ ಇರುತ್ತದೆ. ಈ ಪದಗಳನ್ನು ಯಾರು ಬೇಕಾದರೂ ಅಂಟಿಸಬಹುದು. ಇಪ್ಪತ್ತು ವರ್ಷಗಳ ಹಿಂದಿನ ಡಿವಿಡಿಯನ್ನೇ ಹಿಗ್ಗಿಸಿ ‘4ಕೆ’ ಎಂದು ಹೆಸರಿಟ್ಟರೂ ತಡೆಯುವವರಿಲ್ಲ. ಅರ್ಧ ಚಿತ್ರ ಮುಗಿದ ಮೇಲೆ ಹಾಡೊಂದು ಮಾಯವಾಗಿದೆ, ನಟರ ತಲೆ ಕತ್ತರಿಸಿದೆ, ಮಾತು ನೀರಿನೊಳಗಿಂದ ಕೇಳಿಬಂದಂತಿದೆ ಎಂಬುದು ತಿಳಿದರೆ ಪ್ರಯೋಜನವೇನು? ಕೆಟ್ಟ ಪ್ರತಿಯಿಂದಲೇ ಮೊದಲ ಬಾರಿಗೆ ಚಿತ್ರವನ್ನು ನೋಡುವ ಹೊಸ ಪೀಳಿಗೆಗೆ ಆ ಛಾಯಾಗ್ರಾಹಕನೂ ಧ್ವನಿಗ್ರಾಹಕನೂ ಕಸುಬು ತಿಳಿಯದವರಂತೆ ತೋರುವ ಅಪಾಯವೂ ಇದೆ. ಹತ್ತು ನಿಮಿಷಗಳ ಪರೀಕ್ಷೆಯಿಂದ ಇದನ್ನು ಬಹುಮಟ್ಟಿಗೆ ತಪ್ಪಿಸಲು ಸಾಧ್ಯ.

ಮೂರು ಪದ, ಮೂರು ಕೆಲಸ

ಮೊದಲಿಗೆ ಪದಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಪುನಶ್ಚೇತನ, ಅಂದರೆ ರೆಸ್ಟೋರೇಷನ್ ಎಂದರೆ ಉಳಿದಿರುವ ಫಿಲ್ಮ್‌ಗಳಲ್ಲಿ ಅತ್ಯುತ್ತಮವಾದುದನ್ನು ಹುಡುಕಿ, ಹರಿದ ರಂಧ್ರಗಳನ್ನು ಕೈಯಿಂದ ಸರಿಪಡಿಸಿ, ತೊಳೆದು, ಒಂದೊಂದೇ ಚೌಕಟ್ಟನ್ನು ಸ್ಕ್ಯಾನ್ ಮಾಡಿ, ಚಿತ್ರವು ಮೊದಲು ತೆರೆಕಂಡಾಗ ಹೇಗಿತ್ತೋ ಅದಕ್ಕೆ ಸಾಧ್ಯವಾದಷ್ಟು ಹತ್ತಿರ ತರುವ ಕೆಲಸ. ರೀಮಾಸ್ಟರಿಂಗ್ ಎಂಬುದು ಇದಕ್ಕಿಂತ ಸಡಿಲವಾದ ಮಾತು. ಕೈಯಲ್ಲಿರುವ ಪ್ರತಿಯಿಂದ, ಅದು ಟೇಪ್ ಆಗಿದ್ದರೂ ಸರಿಯೇ, ಹೊಸದೊಂದು ಡಿಜಿಟಲ್ ಮೂಲಪ್ರತಿ ಮಾಡಿದರೆ ಅದೂ ರೀಮಾಸ್ಟರಿಂಗ್ ಆಗುತ್ತದೆ. ಮೂರನೆಯದು ಮಾರ್ಪಾಡು: ಕಪ್ಪು-ಬಿಳುಪಿಗೆ ಬಣ್ಣ ತುಂಬುವುದು, ಏಕಧ್ವನಿಯನ್ನು ಬಹುಧ್ವನಿಯಾಗಿಸುವುದು, ಚೌಕಾಕಾರದ ಬಿಂಬವನ್ನು ಅಗಲಗೊಳಿಸುವುದು.

ಕನ್ನಡಿಗರಿಗೆ ಮೂರನೆಯದು ಹೊಸದೇನಲ್ಲ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ವರ್ಣಮಯವಾಗಿ ಮತ್ತೆ ತೆರೆಕಂಡವು. ಚಿತ್ರಮಂದಿರದಲ್ಲಿ ಮತ್ತೊಮ್ಮೆ ರಾಜ್‌ಕುಮಾರ್ ಅವರನ್ನು ಕಂಡ ಸಂತೋಷ ಬೇರೆ ಮಾತು. ಆದರೆ ಕಪ್ಪು-ಬಿಳುಪಿಗೆಂದೇ ಬೆಳಕು ಹೊಂದಿಸಿ ತೆಗೆದ ಚಿತ್ರದ ಮೂಲರೂಪ ಅದಲ್ಲ. ಆದ್ದರಿಂದ ಪ್ರತಿಯೊಂದನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಎಷ್ಟು ಚೆನ್ನಾಗಿದೆ?’ ಎಂಬುದಲ್ಲ, ‘ಇದು ಯಾವುದರಿಂದ ಬಂದಿದೆ?’ ಎಂಬುದು.

ಮೂಲ ಯಾವುದು?

ಚಿತ್ರೀಕರಣದ ವೇಳೆ ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಮೂಲ ನೆಗೆಟಿವ್. ಅದರಲ್ಲಿರುವಷ್ಟು ವಿವರ ಬೇರಾವುದರಲ್ಲಿಯೂ ಇರುವುದಿಲ್ಲ. ಅದರಿಂದ ಮಾಡಿದ ಮಧ್ಯಂತರ ಪ್ರತಿಗಳದು ಎರಡನೆಯ ಸ್ಥಾನ. ಚಿತ್ರಮಂದಿರಗಳಲ್ಲಿ ಓಡಿದ ಪ್ರಿಂಟ್‌ಗಳದು ಮೂರನೆಯದು. ದೂರದರ್ಶನ ಪ್ರಸಾರಕ್ಕಾಗಿ, ಕ್ಯಾಸೆಟ್ ಮಾರಾಟಕ್ಕಾಗಿ ಪ್ರಿಂಟ್‌ನಿಂದ ಇಳಿಸಿಕೊಂಡ ವಿಡಿಯೊ ಟೇಪ್‌ಗಳು ಅದಕ್ಕೂ ಕೆಳಗಿನವು. ಒಂದೊಂದು ಮೆಟ್ಟಿಲು ಇಳಿದಂತೆ ಸೂಕ್ಷ್ಮ ವಿವರ ಕಳೆಯುತ್ತದೆ, ನೆರಳಿನ ಭಾಗ ಮಸಿಯಾಗುತ್ತದೆ, ಬೆಳಕಿನ ಭಾಗ ಸುಣ್ಣ ಬಳಿದಂತಾಗುತ್ತದೆ. ಒಮ್ಮೆ ಕಳೆದುದನ್ನು ನಂತರದ ಯಾವ ಉಪಕರಣವೂ ನಿಜವಾಗಿ ಮರಳಿಸಲಾರದು.

ಪ್ರಾಮಾಣಿಕವಾಗಿ ನಡೆದ ಪುನಶ್ಚೇತನ ತನ್ನ ಮೂಲವನ್ನು ಬಚ್ಚಿಡುವುದಿಲ್ಲ. ಚಿತ್ರದ ಆರಂಭದಲ್ಲಿ ಅಥವಾ ಕೊನೆಯಲ್ಲಿ ಬರಹದ ಫಲಕವೊಂದು ಇರುತ್ತದೆ. ಯಾವ ಸಂಸ್ಥೆ, ಯಾವ ಪ್ರಯೋಗಾಲಯ, ಯಾವ ವರ್ಷ, ಯಾವ ಫಿಲ್ಮ್, ಅದು ಎಲ್ಲಿ ಸಂಗ್ರಹವಾಗಿತ್ತು ಎಂಬುದನ್ನೆಲ್ಲ ಅದು ಹೇಳುತ್ತದೆ.

ಗಿರೀಶ ಕಾರ್ನಾಡ್ ಹಾಗೂ ಅನಂತ್ ನಾಗ್ ಅಭಿನಯಿಸಿದ, ಶ್ಯಾಮ್ ಬೆನೆಗಲ್ ನಿರ್ದೇಶನದ 1976ರ ‘ಮಂಥನ್’ ಇದಕ್ಕೊಂದು ಒಳ್ಳೆಯ ಉದಾಹರಣೆ. ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಪುನಶ್ಚೇತನಗೊಳಿಸಿದ ಈ ಚಿತ್ರ 2024ರ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು, ಅದೇ ವರ್ಷ ದೇಶದ ಚಿತ್ರಮಂದಿರಗಳಿಗೂ ಬಂತು. ಇದರ ಬಿಂಬಕ್ಕೆ ಆಧಾರವಾದುದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ 35 ಎಂಎಂ ಮೂಲ ನೆಗೆಟಿವ್. ಧ್ವನಿಗೆ ಆಧಾರವಾದುದು ಮಾತ್ರ ಪ್ರತಿಷ್ಠಾನದ ಬಳಿಯಿದ್ದ ಬಿಡುಗಡೆಯ ಪ್ರಿಂಟ್. ಚಿತ್ರ ಒಂದು ಕಡೆಯಿಂದ, ಶಬ್ದ ಇನ್ನೊಂದು ಕಡೆಯಿಂದ ಬರುವುದು ಹಳೆಯ ಭಾರತೀಯ ಚಿತ್ರಗಳಲ್ಲಿ ವಿಶೇಷವೇನಲ್ಲ. ಹೀಗಾಗಿ ಬಿಂಬ ಸ್ವಚ್ಛವಾಗಿದೆ ಎಂದ ಮಾತ್ರಕ್ಕೆ ಧ್ವನಿಯೂ ಅಷ್ಟೇ ಸ್ವಚ್ಛವಾಗಿರುತ್ತದೆ ಎಂದು ನಂಬುವಂತಿಲ್ಲ; ಎರಡನ್ನೂ ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು.

ಉತ್ತಮ ಪುನಶ್ಚೇತನದಲ್ಲಿಯೂ ಗುಣಮಟ್ಟ ದೃಶ್ಯದಿಂದ ದೃಶ್ಯಕ್ಕೆ ಬದಲಾಗಬಹುದು. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಯಲ್ಲಿ ಸಿಲುಕಿದ್ದವು. 2015ರಲ್ಲಿ ಹೊರಬಂದ ಪ್ರತಿಯಲ್ಲಿ ‘ಪಥೇರ್ ಪಾಂಚಾಲಿ’ಯ ಸುಮಾರು ಶೇ 40ರಷ್ಟು ಭಾಗವನ್ನು ಮಾತ್ರ ಆ ಸುಟ್ಟ ನೆಗೆಟಿವ್‌ನಿಂದ ಉಳಿಸಿಕೊಳ್ಳಲಾಯಿತು, ಉಳಿದುದು ಇತರ ಪ್ರತಿಗಳಿಂದ ಬಂತು. ಇಂಥ ಚಿತ್ರದಲ್ಲಿ ಒಂದು ದೃಶ್ಯ ಹರಿತವಾಗಿದ್ದು ಮುಂದಿನದು ಕೊಂಚ ಮಂಕಾಗಿದ್ದರೆ ಅದು ಪ್ರತಿ ಮಾಡಿದವರ ಅಸಡ್ಡೆಯಲ್ಲ, ಚಿತ್ರದ ಇತಿಹಾಸ.

ಫಲಕವೇ ಇಲ್ಲದಿದ್ದರೆ ಬಿಂಬವೇ ಕೆಲವು ಸುಳಿವು ನೀಡುತ್ತದೆ. ಸುಮಾರು ಹತ್ತು ನಿಮಿಷಗಳಿಗೊಮ್ಮೆ ತೆರೆಯ ಬಲ ಮೇಲ್ತುದಿಯಲ್ಲಿ ಕ್ಷಣಕಾಲ ದುಂಡನೆಯ ಚುಕ್ಕೆ ಮಿಂಚಿ ಮರೆಯಾಗುತ್ತಿದ್ದರೆ, ಅದು ರೀಲು ಬದಲಿಸಲು ಪ್ರೊಜೆಕ್ಟರ್ ನಡೆಸುವವರಿಗೆ ಕೊಡುತ್ತಿದ್ದ ಸೂಚನೆ. ಅಂದರೆ ಆ ಪ್ರತಿಗೆ ಬಹುಪಾಲು ಚಿತ್ರಮಂದಿರದ ಪ್ರಿಂಟ್ ಆಧಾರ. ಧೂಳಿನ ಬಣ್ಣವನ್ನೂ ಗಮನಿಸಬಹುದು. ನೆಗೆಟಿವ್ ಮೇಲೆ ಕುಳಿತ ಧೂಳು ತೆರೆಯ ಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಪ್ರಿಂಟ್ ಮೇಲಿನ ಧೂಳು ಕಪ್ಪಾಗಿ ಕಾಣುತ್ತದೆ. ವರ್ಣಚಿತ್ರವಾದರೆ ಬಿಳಿ ಪಂಚೆ ನಸುಗೆಂಪಾಗಿ, ಆಕಾಶದ ನೀಲಿ ಮಾಸಿದ್ದರೆ ಬಣ್ಣಗೆಟ್ಟ ಹಳೆಯ ಪ್ರಿಂಟ್‌ನಿಂದ ಇಳಿಸಿದ್ದೆಂದು ಊಹಿಸಬಹುದು.

ಉದ್ದವನ್ನು ಅಳೆಯುವ ಲೆಕ್ಕ

ಭಾರತೀಯ ಚಿತ್ರಗಳ ಪ್ರೇಕ್ಷಕರಿಗೆ ಬೇರೆ ದೇಶದವರಿಗೆ ಸುಲಭವಾಗಿ ದಕ್ಕದ ಒಂದು ಅನುಕೂಲವಿದೆ. ಅದು ಚಿತ್ರದ ಆರಂಭದಲ್ಲಿ ತೋರಿಸುವ ಸೆನ್ಸಾರ್ ಪ್ರಮಾಣಪತ್ರ. ಫಿಲ್ಮ್ ಯುಗದ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ ಹಾಗೂ ರೀಲುಗಳ ಸಂಖ್ಯೆ ನಮೂದಾಗಿರುತ್ತದೆ. ಹೆಚ್ಚಿನವರು ದಾಟಿಸಿಬಿಡುವ ಈ ಕಾಗದವನ್ನು ತಡೆದು ನಿಲ್ಲಿಸಿ ಓದಿದರೆ, ಕೈಯಲ್ಲಿರುವ ಪ್ರತಿ ಪೂರ್ಣವೋ ಕತ್ತರಿಸಿದ್ದೋ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

35 ಎಂಎಂ ಫಿಲ್ಮ್‌ನಲ್ಲಿ ಒಂದು ಅಡಿಗೆ 16 ಚೌಕಟ್ಟುಗಳು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡಿದರೆ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಫಿಲ್ಮ್ ಬೇಕು. ಆದ್ದರಿಂದ ಮೀಟರ್‌ಗಳಲ್ಲಿ ಕೊಟ್ಟಿರುವ ಉದ್ದವನ್ನು 27.4ರಿಂದ, ಅಡಿಗಳಲ್ಲಿದ್ದರೆ 90ರಿಂದ ಭಾಗಿಸಿದರೆ ಚಿತ್ರದ ಅವಧಿ ನಿಮಿಷಗಳಲ್ಲಿ ದೊರೆಯುತ್ತದೆ.

ಪ್ರಮಾಣಪತ್ರದಲ್ಲಿ 4,115 ಮೀಟರ್ ಎಂದಿದೆ ಎಂದಿಟ್ಟುಕೊಳ್ಳೋಣ. ಅವಧಿ 150 ನಿಮಿಷಗಳಾಗಬೇಕು. ಅಂತರಜಾಲದಲ್ಲಿ ಸಿಕ್ಕ ಮೂರು ಪ್ರತಿಗಳ ಅವಧಿ ಕ್ರಮವಾಗಿ 150, 144 ಮತ್ತು 128 ನಿಮಿಷಗಳಿವೆ. ಮೊದಲನೆಯದು ಸರಿಯಾಗಿದೆ. ಎರಡನೆಯದರಲ್ಲಿ ಆರು ನಿಮಿಷ ಕಡಿಮೆ ಇದ್ದರೂ ಅದು ಕತ್ತರಿಸಿದ ಪ್ರತಿ ಆಗಿರಬೇಕೆಂದಿಲ್ಲ. ನಮ್ಮ ದೇಶದ ಹಳೆಯ ದೂರದರ್ಶನ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳಿದ್ದುದರಿಂದ, 24ರ ಫಿಲ್ಮನ್ನು ಕೊಂಚ ವೇಗವಾಗಿ ಓಡಿಸಿ ಟೇಪಿಗೆ ಇಳಿಸುತ್ತಿದ್ದರು. 150ನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿದರೆ ಬರುವುದು ಸರಿಯಾಗಿ 144. ಚಿತ್ರವೇನೋ ಪೂರ್ಣವಾಗಿದೆ, ಆದರೆ ಮೂಲ ಮಾತ್ರ ದೂರದರ್ಶನಕ್ಕಾಗಿ ಮಾಡಿದ ವಿಡಿಯೊ. ಇಂಥ ಪ್ರತಿಯ ಮೇಲೆ ‘4ಕೆ’ ಎಂದಿದ್ದರೆ ಆ ಹಣೆಪಟ್ಟಿಯನ್ನು ನಂಬಬೇಕಾಗಿಲ್ಲ. ಮೂರನೆಯದರಲ್ಲಿ 22 ನಿಮಿಷಗಳು ಕಾಣೆಯಾಗಿವೆ. ವೇಗದ ಲೆಕ್ಕದಿಂದ ಇಷ್ಟು ಕಳೆಯುವುದಿಲ್ಲ. ಎರಡು ರೀಲುಗಳೋ, ಒಂದಷ್ಟು ಹಾಡುಗಳೋ ಹೋಗಿವೆ ಎಂದೇ ಅರ್ಥ.

ಈ ಲೆಕ್ಕಕ್ಕೂ ಮಿತಿಗಳಿವೆ. ಮರುಬಿಡುಗಡೆಯ ವೇಳೆ ಹೊಸದಾಗಿ ಪಡೆದ ಪ್ರಮಾಣಪತ್ರವಾದರೆ ಅದು ಆಗಿನ ಉದ್ದವನ್ನು ಹೇಳುತ್ತದೆಯೇ ಹೊರತು ಮೊದಲ ಬಿಡುಗಡೆಯದನ್ನಲ್ಲ. ಹೀಗಾಗಿ ಅದರ ಮೇಲಿನ ದಿನಾಂಕವನ್ನೂ ಓದಬೇಕು. ಎಷ್ಟೋ ಪ್ರತಿಗಳಲ್ಲಿ ಪ್ರಮಾಣಪತ್ರವನ್ನೇ ಕತ್ತರಿಸಿರುತ್ತಾರೆ. ಆಗ ಅದೇ ಚಿತ್ರದ ಬೇರೊಂದು ಪ್ರತಿಯಲ್ಲಿ, ಅದು ಎಷ್ಟೇ ಮಸುಕಾಗಿದ್ದರೂ, ಪ್ರಮಾಣಪತ್ರ ಇದೆಯೇ ಎಂದು ನೋಡುವುದು ಒಳ್ಳೆಯದು. ನೋಡಲು ಯೋಗ್ಯವಲ್ಲದ ಪ್ರತಿಯೂ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ.

ಚೌಕಟ್ಟಿನ ಆಕಾರ

ಕಪ್ಪು-ಬಿಳುಪು ಯುಗದ ಬಹುತೇಕ ಕನ್ನಡ ಚಿತ್ರಗಳ ಬಿಂಬ ಚೌಕಕ್ಕೆ ಹತ್ತಿರವಾದದ್ದು. ಎತ್ತರ 1 ಇದ್ದರೆ ಅಗಲ 1.37. ಇಂದಿನ ಟಿವಿಯ ಪರದೆಯಲ್ಲಿ ಅದೇ ಎತ್ತರಕ್ಕೆ ಅಗಲ 1.78. ಆದ್ದರಿಂದ ಹಳೆಯ ಚಿತ್ರ ಸರಿಯಾಗಿ ಮೂಡಿದರೆ ಪರದೆಯ ಎಡಬಲಗಳಲ್ಲಿ ಕಪ್ಪು ಪಟ್ಟಿ ಇರಲೇಬೇಕು. ಅನೇಕರು ಇದನ್ನು ದೋಷವೆಂದು ತಿಳಿಯುತ್ತಾರೆ. ವಾಸ್ತವವಾಗಿ ಇದು ಒಳ್ಳೆಯ ಲಕ್ಷಣ.

ಪಟ್ಟಿಯಿಲ್ಲದೆ ಪರದೆ ತುಂಬಿದ್ದರೆ ಎರಡರಲ್ಲೊಂದು ನಡೆದಿರುತ್ತದೆ. ಬಿಂಬವನ್ನು ಅಡ್ಡಕ್ಕೆ ಎಳೆದಿದ್ದರೆ ಚಂದ್ರನೂ ಬಂಡಿಯ ಗಾಲಿಯೂ ಮೊಟ್ಟೆಯಾಕಾರವಾಗಿ, ಎಲ್ಲರೂ ದಪ್ಪಗೆ ಕಾಣುತ್ತಾರೆ. ಇದು ಕೆಲವೊಮ್ಮೆ ಟಿವಿಯ ಸೆಟ್ಟಿಂಗ್‌ನಿಂದಲೇ ಆಗಿರುವುದರಿಂದ ಅಲ್ಲಿ ಸರಿಪಡಿಸಿಕೊಳ್ಳಬಹುದು. ಆದರೆ ಮೇಲೆ-ಕೆಳಗೆ ಕತ್ತರಿಸಿ ಪರದೆ ತುಂಬಿಸಿದ್ದರೆ ಪರಿಹಾರವಿಲ್ಲ. 1.37ರ ಬಿಂಬವನ್ನು 1.78ಕ್ಕೆ ಕತ್ತರಿಸಿದರೆ ಸುಮಾರು ಶೇ 23ರಷ್ಟು ಚಿತ್ರ ಹೋಗುತ್ತದೆ. ಸಿನೆಮಾಸ್ಕೋಪ್ ಆಕಾರಕ್ಕೆ ಕತ್ತರಿಸಿದರೆ ಶೇ 40ಕ್ಕೂ ಹೆಚ್ಚು. ಇದನ್ನು ಪತ್ತೆಹಚ್ಚಲು ಹೆಸರುಗಳ ಫಲಕವೇ ಸಾಕು. ಅಕ್ಷರಗಳ ಸಾಲು ಮೇಲಂಚಿಗೆ ತಗಲಿದ್ದರೆ, ಸಮೀಪ ದೃಶ್ಯಗಳಲ್ಲಿ ಹಣೆಯೂ ನೃತ್ಯದಲ್ಲಿ ಪಾದವೂ ಕಾಣದಿದ್ದರೆ ಕತ್ತರಿ ಆಡಿದೆ ಎಂದು ತಿಳಿಯಬೇಕು. ನಿಜವಾಗಿಯೂ ಸಿನೆಮಾಸ್ಕೋಪ್‌ನಲ್ಲಿ ತೆಗೆದ ಚಿತ್ರದ ಸ್ಥಿತಿ ಇದಕ್ಕೆ ವಿರುದ್ಧ: ಅಲ್ಲಿ ಮೇಲೆ-ಕೆಳಗೆ ಪಟ್ಟಿ ಇರಬೇಕು. ಇಬ್ಬರು ಮಾತನಾಡುವ ದೃಶ್ಯದಲ್ಲಿ ಒಬ್ಬರ ಅರ್ಧ ಮುಖ ಮಾತ್ರ ಕಂಡರೆ ಪಕ್ಕಗಳನ್ನು ಕತ್ತರಿಸಲಾಗಿದೆ.

ಬಿಂಬ: ಚೊಕ್ಕಟವೆಲ್ಲ ಚೆನ್ನಲ್ಲ

ಪರೀಕ್ಷೆಗೆ ಇಡೀ ಚಿತ್ರ ಬೇಕಿಲ್ಲ. ಹೆಸರುಗಳ ಫಲಕ, ಹಗಲಿನ ಒಂದು ಸಮೀಪ ದೃಶ್ಯ, ರಾತ್ರಿಯ ಒಂದು ದೃಶ್ಯ ಹಾಗೂ ಓಟ ಅಥವಾ ನೃತ್ಯ ಇರುವ ಒಂದು ತುಣುಕು ಸಾಕು.

ಸಮೀಪ ದೃಶ್ಯವನ್ನು ನಿಲ್ಲಿಸಿ ಕೂದಲು, ಹುಬ್ಬು, ಸೀರೆಯ ಅಂಚು ನೋಡಬೇಕು. ಫಿಲ್ಮ್‌ಗೆ ಸಹಜವಾದ ನವಿರಾದ ಕಣಗಳಿರುತ್ತವೆ. ಚಿತ್ರ ಓಡುವಾಗ ಅವು ಮೆಲ್ಲಗೆ ಮಿಡಿಯುತ್ತವೆ. ಬಿಂಬದ ವಿವರವೆಲ್ಲ ಆ ಕಣಗಳಿಂದಲೇ ರಚಿತವಾದುದು. ಅವನ್ನು ‘ಕೊಳೆ’ ಎಂದು ಭಾವಿಸಿ ತಂತ್ರಾಂಶದಿಂದ ಒರೆಸಿದರೆ ಮುಖಗಳು ಮೇಣದ ಗೊಂಬೆಯಂತಾಗುತ್ತವೆ, ಕೆನ್ನೆಯ ಸುಕ್ಕು ಮಾಯವಾಗುತ್ತದೆ. ಬಳಿಕ ಹರಿತ ಹೆಚ್ಚಿಸಲು ಹೋದರೆ ಭುಜದ ಸುತ್ತ, ಮರದ ಕೊಂಬೆಗಳ ಸುತ್ತ ಬಿಳಿಯ ಗೆರೆಯೊಂದು ಮೂಡುತ್ತದೆ. ಮೊದಲ ನೋಟಕ್ಕೆ ‘ಎಷ್ಟು ಸ್ವಚ್ಛ’ ಎನಿಸುವ ಪ್ರತಿಗಳೇ ಎಷ್ಟೋ ಬಾರಿ ಅತಿ ಹೆಚ್ಚು ಕಳೆದುಕೊಂಡ ಪ್ರತಿಗಳು.

ರಾತ್ರಿಯ ದೃಶ್ಯದಲ್ಲಿ ಕಪ್ಪಿನೊಳಗಿನ ಕಪ್ಪನ್ನು ನೋಡಬೇಕು. ಗೋಡೆಗೂ ಕಂಬಳಿಗೂ ವ್ಯತ್ಯಾಸ ಕಂಡರೆ ಮೂಲ ಉತ್ತಮ. ಎಲ್ಲವೂ ಒಂದೇ ಮಸಿಯಾಗಿದ್ದರೆ ಪ್ರಿಂಟ್‌ನ ಪ್ರತಿ. ಕತ್ತಲು ಚೌಕಚೌಕವಾಗಿ ಒಡೆದು ಕದಲುತ್ತಿದ್ದರೆ ಮೂಲ ಚೆನ್ನಾಗಿದ್ದಿರಬಹುದು, ಆದರೆ ಕಡತವನ್ನು ಅತಿಯಾಗಿ ಕುಗ್ಗಿಸಲಾಗಿದೆ. ಇಂಥ ಸಂದರ್ಭದಲ್ಲಿ ಅದೇ ಪುನಶ್ಚೇತನದ ಬೇರೆ ಪ್ರತಿಯನ್ನು, ಸಾಧ್ಯವಾದರೆ ಬ್ಲೂ-ರೇ ತಟ್ಟೆಯನ್ನು, ಹುಡುಕುವುದು ಸಾರ್ಥಕ.

ಓಟದ ತುಣುಕನ್ನು ನಿಲ್ಲಿಸಿದಾಗ ಕೈಕಾಲುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿದ್ದರೆ, ಅಥವಾ ಒಂದು ಕೈಯ ಬದಲು ಎರಡು ಮಸುಕು ಕೈಗಳು ಕಂಡರೆ, ಆ ಪ್ರತಿ ಟೇಪ್ ಅಥವಾ ಡಿವಿಡಿ ಹಂತವನ್ನು ದಾಟಿ ಬಂದಿದೆ. ನೆಗೆಟಿವ್‌ನಿಂದ ನೇರವಾಗಿ ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಪ್ರತಿ ಚೌಕಟ್ಟೂ ಬಿಡಿಬಿಡಿಯಾಗಿ ನಿಲ್ಲಬೇಕು. ಯೂಟ್ಯೂಬ್‌ನಲ್ಲಿ `1080p` ಎಂಬ ಆಯ್ಕೆ ಕಂಡರೆ ಅದು ಕಡತದ ಅಳತೆಯನ್ನು ಮಾತ್ರ ಹೇಳುತ್ತದೆ, ಬಿಂಬದೊಳಗಿನ ವಿವರವನ್ನಲ್ಲ. ಗುಣಮಟ್ಟದ ಪಟ್ಟಿಯಲ್ಲಿ `480p`ಗೂ `1080p`ಗೂ ಬದಲಾಯಿಸಿ ಒಂದೇ ಚೌಕಟ್ಟನ್ನು ಹೋಲಿಸಿದಾಗ ಯಾವ ಹೊಸ ವಿವರವೂ ಮೂಡದಿದ್ದರೆ, ಚಿಕ್ಕದನ್ನು ಹಿಗ್ಗಿಸಿ ದೊಡ್ಡದು ಮಾಡಲಾಗಿದೆ ಎಂಬುದು ಸ್ಪಷ್ಟ.

ಧ್ವನಿ: ಮೌನವನ್ನು ಆಲಿಸಬೇಕು

ಹಳೆಯ ಚಿತ್ರಗಳ ಧ್ವನಿ ಫಿಲ್ಮ್‌ನ ಅಂಚಿನಲ್ಲಿ ಗೆರೆಯ ರೂಪದಲ್ಲಿ ಮುದ್ರಿತವಾಗಿರುತ್ತಿತ್ತು, ಬಹುತೇಕ ಏಕಧ್ವನಿ. ಅದರಲ್ಲಿ ಸಣ್ಣದೊಂದು ‘ಸ್ಸ್’ ಸದ್ದು ಇದ್ದೇ ಇರುತ್ತದೆ. ಪರೀಕ್ಷೆಗೆ ಹೆಡ್‌ಫೋನ್ ಹಾಕಿಕೊಂಡು ಹಿನ್ನೆಲೆ ಸಂಗೀತವಿಲ್ಲದ ಒಂದು ಸಂಭಾಷಣೆಯನ್ನು ಆಲಿಸಬೇಕು. ಮಾತು ನಡೆಯುವಾಗ ಸದ್ದು ಇದ್ದು, ಮಾತು ನಿಂತ ತಕ್ಷಣ ಗವಿಯಂಥ ಮೌನ ಕವಿದರೆ ತಂತ್ರಾಂಶ ಸದ್ದನ್ನು ಅತಿಯಾಗಿ ಕತ್ತರಿಸಿದೆ. ‘ಸ’, ‘ಶ’, ‘ಷ’ ಅಕ್ಷರಗಳು ತೊದಲಿದಂತೆ, ಮಾತು ನೀರೊಳಗಿನಂತೆ ಕೇಳಿದರೂ ಕಾರಣ ಅದೇ. ತುಸು ಸದ್ದಿರುವ ಆದರೆ ಅಕ್ಷರಗಳು ಸ್ಪಷ್ಟವಾಗಿರುವ ಪ್ರತಿ ಇದಕ್ಕಿಂತ ಎಷ್ಟೋ ಮೇಲು.

‘5.1’ ಎಂಬ ಹಣೆಪಟ್ಟಿಯಿದ್ದರೆ ಇನ್ನಷ್ಟು ಎಚ್ಚರ ಅಗತ್ಯ. ಒಂದೇ ವಾಹಿನಿಯಲ್ಲಿದ್ದ ಧ್ವನಿಯನ್ನು ಆರಕ್ಕೆ ಹಂಚಲು ಹೊಸ ಹೆಜ್ಜೆ ಸಪ್ಪಳ, ಗುಡುಗು, ಕೆಲವೊಮ್ಮೆ ಹೊಸದಾಗಿ ನುಡಿಸಿದ ಹಿನ್ನೆಲೆ ಸಂಗೀತ ಸೇರಿರಬಹುದು. ಮಾತು ಹಳೆಯದಾಗಿ ಕೇಳಿ, ಬಾಗಿಲು ಬಡಿದ ಸದ್ದು ಮಾತ್ರ ನಿನ್ನೆ ಮೊನ್ನೆಯದಾಗಿ ಕೇಳಿದರೆ ಸೇರ್ಪಡೆ ನಡೆದಿದೆ. ತಟ್ಟೆಯಲ್ಲಾಗಲಿ ತಾಣದಲ್ಲಾಗಲಿ ಮೂಲ ಏಕಧ್ವನಿಯ ಆಯ್ಕೆ ಇದ್ದರೆ ಅದನ್ನೇ ಆರಿಸುವುದು ಲೇಸು.

ವೇಗ ಹೆಚ್ಚಿಸಿದ ಪ್ರತಿಯಲ್ಲಿ ಹಾಡಿನ ಶ್ರುತಿಯೂ ಏರಿರುತ್ತದೆ. ಏರಿಕೆ ಹಾರ್ಮೋನಿಯಂನ ಒಂದು ಮನೆಗಿಂತ ಕೊಂಚ ಕಡಿಮೆ. ಗಾಯಕರ ಕಂಠ ಎಳೆಯದಾಗಿ, ಅವಸರವಾಗಿ ಕೇಳುತ್ತಿದ್ದರೆ ಮೇಲೆ ಹೇಳಿದ 144 ನಿಮಿಷಗಳ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಕೊನೆಯದಾಗಿ, ತುಟಿಯ ಚಲನೆಗೂ ಮಾತಿಗೂ ಹೊಂದಾಣಿಕೆಯಿದೆಯೇ ಎಂಬುದನ್ನು ಆರಂಭದಲ್ಲಿ ಮಾತ್ರವಲ್ಲ, ಕೊನೆಯ ಅರ್ಧ ಗಂಟೆಯಲ್ಲಿಯೂ ಪರಿಶೀಲಿಸಬೇಕು. ಅಂತರ ಕ್ರಮೇಣ ಬೆಳೆದಿದ್ದರೆ ಬಿಂಬ ಮತ್ತು ಧ್ವನಿಯ ವೇಗ ಬೇರೆಯಾಗಿದೆ. ನಡುವೆ ಒಮ್ಮೆಲೇ ತಪ್ಪಿದ್ದರೆ ಅಲ್ಲಿ ಚೌಕಟ್ಟುಗಳು ಕಳೆದುಹೋಗಿವೆ.

ಎಲ್ಲಿ ಹುಡುಕಬೇಕು?

ಹುಡುಕಾಟವನ್ನು ಚಿತ್ರದ ಹೆಸರಿನಿಂದ ಆರಂಭಿಸುವ ಬದಲು ಪುನಶ್ಚೇತನ ಮಾಡಿದವರ ಪಟ್ಟಿಯಿಂದ ಆರಂಭಿಸುವುದು ಸುಲಭ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಸ್ಥಾಪನೆಯಾಗಿದ್ದು, 2022ರಿಂದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಅಧೀನದಲ್ಲಿದೆ. ಇದು ಮತ್ತು ಮುಂಬೈನ ಪ್ರತಿಷ್ಠಾನ ಭಾರತದ ಮಟ್ಟಿಗೆ ಮುಖ್ಯವಾದವು. ಅಂತರರಾಷ್ಟ್ರೀಯ ಮಟ್ಟದಲ್ಲಿ ಮಾರ್ಟಿನ್ ಸ್ಕಾರ್ಸೆಸೆ ಸ್ಥಾಪಿಸಿದ ಫಿಲ್ಮ್ ಫೌಂಡೇಷನ್‌ನ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಇದೆ. ಸಾಮಾನ್ಯವಾಗಿ ಪುನಶ್ಚೇತನಗೊಂಡ ಚಿತ್ರ ಮೊದಲು ಚಿತ್ರೋತ್ಸವಗಳ ‘ಕ್ಲಾಸಿಕ್ಸ್’ ವಿಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಚಿತ್ರಮಂದಿರ, ತಟ್ಟೆ, ಒಟಿಟಿ ಅನಂತರದ ಹಂತಗಳು. ಹಕ್ಕುಗಳ ಇತ್ಯರ್ಥವಾಗದೆ ಅಲ್ಲಿಗೆ ಬಾರದ ಚಿತ್ರಗಳೂ ಉಂಟು.

ಗಿರೀಶ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವನ್ನೇ ತೆಗೆದುಕೊಳ್ಳಬಹುದು. ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಮತ್ತು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಜತೆಗೂಡಿ ಇಟಲಿಯ ಬೊಲೊನ್ಯಾದ ಪ್ರಯೋಗಾಲಯದಲ್ಲಿ ಪುನಶ್ಚೇತನಗೊಳಿಸಿದ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡಿತು. ಈ ಒಂದು ದಿನಾಂಕದಿಂದಲೇ ಎಷ್ಟೋ ತಿಳಿಯುತ್ತದೆ. ಅದಕ್ಕೂ ಮುನ್ನ ಅಂತರಜಾಲಕ್ಕೆ ಏರಿದ ಪ್ರತಿಯ ಮೇಲೆ ಏನೇ ಬರೆದಿರಲಿ, ಅದು ಈ ಪುನಶ್ಚೇತನವಲ್ಲ. ಆನಂತರ ಏರಿದ್ದಾದರೂ ಆರಂಭದ ಫಲಕದಲ್ಲಿ ಈ ಸಂಸ್ಥೆಗಳ ಹೆಸರಿಲ್ಲದಿದ್ದರೆ ಅನುಮಾನಿಸಲು ಕಾರಣವಿದೆ. ಯಾವುದೇ ಚಿತ್ರಕ್ಕೂ ಇದೇ ಕ್ರಮ ಅನ್ವಯಿಸುತ್ತದೆ: ಪುನಶ್ಚೇತನದ ವರ್ಷವನ್ನು ತಿಳಿದು, ಪ್ರತಿ ಬಂದ ದಿನಾಂಕದೊಂದಿಗೆ ಹೋಲಿಸಿ, ಫಲಕವನ್ನು ಓದುವುದು.

ಬಹುಪಾಲು ಹಳೆಯ ಕನ್ನಡ ಚಿತ್ರಗಳಿಗೆ ಇಂಥ ಪುನಶ್ಚೇತನದ ಭಾಗ್ಯ ದೊರೆತಿಲ್ಲ. ಅಂಥ ಚಿತ್ರಗಳಲ್ಲಿ ಆಯ್ಕೆ ಇರುವುದು ಎರಡು ದುರ್ಬಲ ಪ್ರತಿಗಳ ನಡುವೆ. ಆಗ ಉದ್ದಕ್ಕೆ ಮೊದಲ ಪ್ರಾಶಸ್ತ್ಯ, ಚೌಕಟ್ಟಿನ ಆಕಾರಕ್ಕೆ ಎರಡನೆಯದು, ಮಾತಿನ ಸ್ಪಷ್ಟತೆಗೆ ಮೂರನೆಯದು, ಬಿಂಬದ ಹೊಳಪಿಗೆ ಕೊನೆಯದು. ಗೀರು, ಧೂಳುಗಳಿಗೆ ಕಣ್ಣು ಹತ್ತು ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ. ಇಲ್ಲದ ದೃಶ್ಯವನ್ನು, ಕತ್ತರಿಸಿದ ಅಂಚನ್ನು ಯಾವ ಕಣ್ಣೂ ತುಂಬಿಕೊಳ್ಳಲಾರದು.